ಫಿರ್ನಿ ಮೊದಲು ಗಂಟಾಯಿತು, ಮಿಕ್ಸಿಗೆ ಹಾಕಿದೆ, ಆಮೇಲೆ ಅಂಟಾಯಿತು. ತಪ್ಪಿದ್ದೆಲ್ಲಿ?

ಕೋಡಿಬಾಗದ ಕಿಟ್ಟ (ಶನಿವಾರ, ರಾತ್ರಿ 9.40)

ನಿನ್ನೆ ತಂಗಿ, ಭಾವ ಊಟಕ್ಕೆ ಬಂದಿದ್ದರು. ಬಂಗಡೆ ಸಾರು, ಶೆಟ್ಲಿ ಸುಕ್ಕ ಎಲ್ಲ ನನಗೆ ನಿದ್ದೆಯಲ್ಲೂ ಬರುತ್ತದೆ. ಸಿಹಿಗೆ ಮಾತ್ರ ಪ್ರತಿ ಸಲ ಶ್ಯಾವಿಗೆ ಪಾಯಸವೇ ಆಗುತ್ತದೆ ಅಂತ ಈ ಸಲ ಫಿರ್ನಿಗೆ ಕೈ ಹಾಕಿದೆ.

ಮಾಡಿದ್ದು ಹೀಗೆ. ಒಂದು ಲೀಟರ್ ಹಾಲು ಕುದಿಸಿದೆ. ಪ್ಯಾಕೆಟ್ ಅಕ್ಕಿ ಹಿಟ್ಟು ಮುಕ್ಕಾಲು ಕಪ್ ತೆಗೆದುಕೊಂಡೆ. ಅದೇ ಕುದಿಯುವ ಹಾಲನ್ನು ಎರಡು ಸೌಟು ಹಿಟ್ಟಿಗೆ ಹಾಕಿ ಕಲಸಿದೆ, ಕಲಸಿದ್ದನ್ನು ಒಂದೇ ಸಲ ಪಾತ್ರೆಗೆ ಸುರಿದೆ. ತಕ್ಷಣ ಗೋಲಿ ಗಾತ್ರದ ಗಂಟುಗಳು. ಒಂದನ್ನು ಒಡೆದು ನೋಡಿದರೆ ಒಳಗೆ ಬಿಳಿ ಹಿಟ್ಟು ಹಾಗೇ ಒಣಗಿ ಕೂತಿದೆ! ಸೌಟಿನಲ್ಲಿ ಒತ್ತಿದೆ, ಹೋಗಲಿಲ್ಲ. ಕೊನೆಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದೆ. ಗಂಟು ಹೋಯಿತು, ಆದರೆ ಎಳೆ ಎಳೆಯಾಗಿ ಜಗ್ಗುವ ಅಂಟಾಯಿತು. ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟೆ. ರಾತ್ರಿ ತೆಗೆದರೆ ಚಮಚ ನೆಟ್ಟಗೆ ನಿಂತಿತ್ತು.

ಭಾವ ಒಂದು ಚಮಚ ತಿಂದು, "ಕಿಟ್ಟ, ಮಿಕ್ಕಿದ್ದು ಎತ್ತಿಡು, ಗೋಡೆಗೆ ಕ್ಯಾಲೆಂಡರ್ ಅಂಟಿಸೋದಕ್ಕೆ ಆಗುತ್ತೆ" ಅಂದರು. ಬರುವ ಭಾನುವಾರ ಮತ್ತೆ ಬರುತ್ತಾರೆ. ದಯವಿಟ್ಟು ಮಾನ ಉಳಿಸಿ.

ಮಾಣಿ ಶಿರಸಿ

ಮಾರಾಯಾ, ಅಂಗಡಿ ಹಿಟ್ಟು ಯಾಕೆ? ಅಕ್ಕಿ ನೆನೆಸಿ, ಕಾಯಿ ಹಾಕಿ ನುಣ್ಣಗೆ ಬೀಸಬೇಕು. ಬೆಲ್ಲ ಹಾಕಿ ತಳ ಬಿಡುವ ತನಕ ಕಾಸಿ, ತುಪ್ಪ ಸವರಿದ ಬಟ್ಟಲಿಗೆ ಹೊಯ್ದರೆ ಆಯಿತು. ನಮ್ಮ ಆಯಿ ಮಾಡಿದ್ದನ್ನು ಚಾಕುವಿನಲ್ಲಿ ಕತ್ತರಿಸಿ ತಿನ್ನುತ್ತೇವೆ. ಗಂಟಿನ ಮಾತೇ ಇಲ್ಲ.

ಹೊನ್ನಾವರದವಳು (ಈಗ ಬೆಂಗಳೂರು)

ಮಾಣಿ, ನೀವು ಹೇಳಿದ್ದು ಹಾಲುಬಾಯಿ. ಅವರು ಕೇಳಿದ್ದು ಫಿರ್ನಿ. ಕತ್ತರಿಸಿ ತಿನ್ನುವಂತೆ ಆಗಿದ್ದೇ ಅವರ ಸಮಸ್ಯೆ ಅಲ್ವಾ! 😄

ಮಾಣಿ ಶಿರಸಿ

ಓಹೋ. ಆದರೂ ಹಾಲುಬಾಯಿ ಮಾಡಿದ್ದರೆ ಭಾವ ಮಾತಾಡುತ್ತಿರಲಿಲ್ಲ.

ಕುಮಟಾ ಕೇಟರಿಂಗ್

ನಾವು ಮದುವೆ ಊಟಕ್ಕೆ 300 ಬಟ್ಟಲು ಮಾಡುತ್ತೇವೆ. ಗುಟ್ಟು ಹೇಳಲಾ? ಅಕ್ಕಿ ಅರ್ಧ, ಕಾರ್ನ್‌ಫ್ಲೋರ್ ಅರ್ಧ. ತಣ್ಣನೆ ಹಾಲಿನಲ್ಲಿ ಕಲಸಿ, ಸಕ್ಕರೆ ಮೊದಲೇ ಹಾಕಿಬಿಡಿ. ಹತ್ತು ನಿಮಿಷದಲ್ಲಿ ಗಟ್ಟಿ. ಗಂಟೂ ಇಲ್ಲ, ಗೋಳೂ ಇಲ್ಲ.

ಭಟ್ಕಳದ ಮನೆಯೂಟ

ಕಿಟ್ಟಣ್ಣ, ನಮ್ಮ ಮನೆಯಲ್ಲಿ ರಮ್ಜಾನ್ ತಿಂಗಳಲ್ಲಿ ವಾರಕ್ಕೆ ಎರಡು ಸಲವಾದರೂ ಫಿರ್ನಿ ಇರುತ್ತದೆ. ನಾನು ಮದುವೆಯಾದ ವರ್ಷ ನೀವು ಮಾಡಿದ್ದನ್ನೇ ಮಾಡಿ ಅತ್ತೆಯ ಎದುರು ನಿಂತಿದ್ದೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ಫಿರ್ನಿಗೆ ಹಿಟ್ಟು ಬೇಡ, ತರಿ ಬೇಕು. ಪ್ಯಾಕೆಟ್ ಹಿಟ್ಟು ಪೌಡರಿನಂತೆ ನುಣ್ಣಗಿರುತ್ತದೆ. ಹಾಲಿನಲ್ಲಿ ಬೆಂದರೆ ಎಲ್ಲ ಒಂದಾಗಿ ಸರಿಯಾಗುತ್ತದೆ, ಅಂದರೆ ಮಗುವಿಗೆ ತಿನ್ನಿಸುವ ಸರಿ! ತರಿ ಇದ್ದರೆ ಒಂದೊಂದು ಕಾಳೂ ಹಾಲು ಕುಡಿದು ಮೆತ್ತಗಾಗುತ್ತದೆ, ಆದರೆ ಕಾಳಾಗಿಯೇ ಉಳಿಯುತ್ತದೆ. ನಾಲಿಗೆಗೆ ಸಣ್ಣ ಸಣ್ಣ ಮಣಿಯಂತೆ ಸಿಗಬೇಕು.

ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿ. ನೀರು ಬಸಿದು ಬಟ್ಟೆಯ ಮೇಲೆ ಹರಡಿ. ಅಂಗೈಯಲ್ಲಿ ಹಿಡಿದು ಬಿಟ್ಟರೆ ಕೈಗೆ ಅಂಟಬಾರದು, ಆದರೆ ಉಗುರಿನಿಂದ ಒತ್ತಿದರೆ ಮುರಿಯಬೇಕು. ಆಗ ಚಿಕ್ಕ ಜಾರಿನಲ್ಲಿ ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ. ಒಂದೇ ಸಮ ಓಡಿಸಿದರೆ ಕೆಳಗೆ ಹಿಟ್ಟು, ಮೇಲೆ ಇಡೀ ಅಕ್ಕಿ. ಚಿರೋಟಿ ರವೆಗಿಂತ ಸ್ವಲ್ಪ ದಪ್ಪ ಬಂದರೆ ಸಾಕು. ಎರಡು ಬೆರಳ ನಡುವೆ ಉಜ್ಜಿದಾಗ ಮರಳಿನ ಹಾಗೆ ಅನ್ನಿಸಬೇಕು.

ಎರಡನೆಯದು, ಅಳತೆ. ಒಂದು ಲೀಟರ್ ಹಾಲಿಗೆ 50 ಗ್ರಾಂ ಅಕ್ಕಿ, ಅಂದರೆ ಕಾಲು ಕಪ್. ಹೌದು, ಅಷ್ಟೇ. ನೋಡಿದರೆ ಇಷ್ಟು ಯಾವುದಕ್ಕೆ ಸಾಲುತ್ತದೆ ಅನ್ನಿಸುತ್ತದೆ. ನೀವು ಮುಕ್ಕಾಲು ಕಪ್ ಹಾಕಿದ್ದೀರಿ, ಚಮಚ ನಿಲ್ಲದೆ ಇನ್ನೇನು?

ಮೂರನೆಯದು ಗಂಟು. ಬಿಸಿ ಹಾಲು ಹಿಟ್ಟಿಗೆ ಬಿದ್ದ ಕೂಡಲೇ ಹೊರಗಿನ ಪದರ ಬೆಂದು ಮುಚ್ಚಿಕೊಳ್ಳುತ್ತದೆ. ಒಳಗಿನ ಹಿಟ್ಟಿಗೆ ಮತ್ತೆ ಹಾಲು ಹೋಗಲು ದಾರಿಯೇ ಇಲ್ಲ. ನೀವು ಗಂಟು ಒಡೆದು ನೋಡಿದ್ದು ಅದನ್ನೇ. ಆದ್ದರಿಂದ ತರಿಯನ್ನು ಯಾವಾಗಲೂ ತಣ್ಣನೆ ಹಾಲಿನಲ್ಲಿ, ಅರ್ಧ ಕಪ್ಪಿನಲ್ಲಿ, ಕದಡಿಕೊಳ್ಳಿ. ಕುದಿ ಬಂದ ಹಾಲಿನ ಉರಿ ಸಣ್ಣ ಮಾಡಿ, ಕುದಿ ಇಳಿದ ಮೇಲೆ ಒಂದು ಕೈಯಲ್ಲಿ ಸಣ್ಣ ಧಾರೆಯಾಗಿ ಹೊಯ್ಯಿರಿ, ಇನ್ನೊಂದು ಕೈ ತಿರುವುತ್ತಲೇ ಇರಲಿ. ಇನ್ನೊಂದು ಮಾತು: ಕದಡಿಟ್ಟ ತರಿ ಎರಡೇ ನಿಮಿಷದಲ್ಲಿ ಬಟ್ಟಲಿನ ತಳಕ್ಕೆ ಕೂರುತ್ತದೆ. ಹೊಯ್ಯುವ ಮುಂಚೆ ಮತ್ತೊಮ್ಮೆ ಕದಡಿ. ಇಲ್ಲದಿದ್ದರೆ ಮೊದಲು ಬರೀ ಹಾಲು ಹೋಗುತ್ತದೆ, ಕೊನೆಗೆ ತಳದ ಮುದ್ದೆ ದೊಪ್ಪನೆ ಬೀಳುತ್ತದೆ.

ಕೋಡಿಬಾಗದ ಕಿಟ್ಟ

ಅಕ್ಕಾ, ಮುಕ್ಕಾಲು ಎಲ್ಲಿ, ಕಾಲು ಎಲ್ಲಿ! ನನಗೆ ಯಾರೋ "ಬೇಕಾದಷ್ಟು ಹಾಕು" ಅಂದಿದ್ದರು. ಮಿಕ್ಸಿಗೆ ಹಾಕಿದ್ದು ತಪ್ಪಾ? ಗಂಟು ಹೋಯಿತಲ್ಲ.

ಹೊನ್ನಾವರದವಳು (ಈಗ ಬೆಂಗಳೂರು)

ಗಂಟು ಹೋಯಿತು, ಫಿರ್ನಿಯೂ ಹೋಯಿತು. ಬೆಂದ ಅಕ್ಕಿಯ ಕಣಗಳು ನೀರು ಕುಡಿದು ಉಬ್ಬಿರುತ್ತವೆ. ಬ್ಲೇಡ್ ಅವನ್ನು ಒಡೆದು ಒಳಗಿನ ಗಂಜಿಯನ್ನೆಲ್ಲ ಹೊರಗೆ ಬಿಡುತ್ತದೆ. ಬೇಯಿಸಿದ ಆಲೂಗಡ್ಡೆಯನ್ನು ಮಿಕ್ಸಿಗೆ ಹಾಕಿದವರಿಗೆ ಇದು ಗೊತ್ತಿರುತ್ತದೆ. ನಾನು ಹಾಕಿದ್ದೇನೆ, ಪಲ್ಯದ ಬದಲು ಚ್ಯೂಯಿಂಗ್ ಗಮ್ ಬಂತು.

ಗಂಟಾದರೆ ದಪ್ಪ ಕಣ್ಣಿನ ಜರಡಿಯಲ್ಲಿ ಸೋಸಿ. ಗಂಟು ಮೇಲೆ ಉಳಿಯುತ್ತದೆ, ಬಿಸಾಕಿ. ಫಿರ್ನಿ ಸ್ವಲ್ಪ ತೆಳುವಾಗುತ್ತದೆ, ಅಷ್ಟೇ. ಗಂಟನ್ನು ಉಳಿಸಿಕೊಳ್ಳುವ ಆಸೆ ಬೇಡ.

ದಾಂಡೇಲಿ ದಾರಿಹೋಕ

ನಾನು ತರಿಯಲ್ಲೇ ಮಾಡಿದೆ, ಅಳತೆಯೂ ಸರಿ ಇತ್ತು, ಆದರೂ ಗಟ್ಟಿಯಾಗಲೇ ಇಲ್ಲ. 40 ನಿಮಿಷ ತಿರುವಿದೆ. ಹಾಲು ಒಂದು ಕಡೆ, ನುಚ್ಚು ಒಂದು ಕಡೆ. ರಟ್ಟೆ ನೋವು ಮಾತ್ರ ಗಟ್ಟಿಯಾಯಿತು.

ಭಟ್ಕಳದ ಮನೆಯೂಟ

ಯಾವ ಅಕ್ಕಿ?

ದಾಂಡೇಲಿ ದಾರಿಹೋಕ

ಮನೆಯಲ್ಲಿ ಇದ್ದದ್ದೇ. ಕುಚ್ಚಲಕ್ಕಿ.

ಭಟ್ಕಳದ ಮನೆಯೂಟ

ಅಯ್ಯೋ ದೇವರೇ. ಅದು ಭತ್ತದಲ್ಲೇ ಒಂದು ಸಲ ಬೆಂದು ಒಣಗಿದ ಅಕ್ಕಿ. ಅನ್ನ ಮಾಡಿದಾಗ ಉದುರುದುರಾಗಿ ನಿಲ್ಲುವುದೇ ಅದರ ಗುಣ. ಹಾಲಿಗೆ ಗಂಜಿ ಬಿಟ್ಟುಕೊಡು ಅಂದರೆ ಕೊಡುತ್ತದಾ? ಬೆಳ್ತಿಗೆ ಅಕ್ಕಿಯೇ ಬೇಕು. ಬಾಸ್ಮತಿಯೇ ಆಗಬೇಕೆಂದಿಲ್ಲ. ನನಗೆ ಶಿರಸಿ ಕಡೆಯ ಜೀರಿಗೆ ಸಣ್ಣ ಸಿಕ್ಕರೆ ಅದೇ. ಪರಿಮಳವೂ ಇದೆ, ಹಾಲಿಗೆ ಚೆನ್ನಾಗಿ ಹೊಂದುತ್ತದೆ.

ಮಾಣಿ ಶಿರಸಿ

ಜೀರಿಗೆ ಸಣ್ಣ ಅಂದಿರಲ್ಲ, ಈಗ ನಿಮ್ಮ ಮಾತು ಒಪ್ಪುತ್ತೇನೆ. ಪಾತ್ರೆಯ ಮುಚ್ಚಳ ತೆಗೆದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ.

ಸದಾಶಿವಗಡ

ರುಬ್ಬುವ ರಗಳೆ ಯಾಕೆ, ಅಂಗಡಿಯ ಇಡ್ಲಿ ರವೆ ತಂದರೆ ಆಗುವುದಿಲ್ವಾ? ಅದೂ ಅಕ್ಕಿ ತರಿಯೇ ತಾನೆ?

ಹೊನ್ನಾವರದವಳು (ಈಗ ಬೆಂಗಳೂರು)

ಪ್ಯಾಕೆಟ್ ಇಡ್ಲಿ ರವೆ ಬಹಳಷ್ಟು ಕುಚ್ಚಲಕ್ಕಿಯದೇ ಇರುತ್ತದೆ. ದಾಂಡೇಲಿಯವರ ರಟ್ಟೆ ನೋವು ನಿಮಗೂ ಬರುತ್ತದೆ.

ಕುಮಟಾ ಕೇಟರಿಂಗ್

ಇಷ್ಟೆಲ್ಲ ಯಾಕೆ ಮಾರಾಯರೇ. ಕಾರ್ನ್‌ಫ್ಲೋರ್ ಅಂದೆನಲ್ಲ.

ಭಟ್ಕಳದ ಮನೆಯೂಟ

ಸರ್, ಬೇಜಾರು ಮಾಡಬೇಡಿ. ತಣ್ಣನೆ ಹಾಲಿನಲ್ಲಿ ಕಲಸಿ ಅಂದಿದ್ದು ನೂರಕ್ಕೆ ನೂರು ಸರಿ. ಕಾರ್ನ್‌ಫ್ಲೋರ್ ಹಾಕಿದರೆ ಅದು ಕಸ್ಟರ್ಡ್ ತರ ಜಾರುತ್ತದೆ. 300 ಬಟ್ಟಲಿಗೆ ಅದು ಅನುಕೂಲ ಇರಬಹುದು, ಮನೆಯ ಎಂಟು ಬಟ್ಟಲಿಗೆ ಯಾಕೆ? ಸಕ್ಕರೆ ಮೊದಲೇ ಹಾಕುವುದನ್ನು ಮಾತ್ರ ಒಪ್ಪಲಾರೆ. ಸಕ್ಕರೆ ಬಿದ್ದ ಹಾಲಿನಲ್ಲಿ ತರಿ ಬೇಯುವುದು ತಡ. ಸಕ್ಕರೆ ತಾನೇ ನೀರು ಹಿಡಿದುಕೊಳ್ಳುತ್ತದೆ, ಅಕ್ಕಿಗೆ ಬಿಡುವುದಿಲ್ಲ. ತಳ ಹಿಡಿಯುವುದೂ ಬೇಗ.

ಕುಮಟಾ ಕೇಟರಿಂಗ್

20 ವರ್ಷದಿಂದ ಮೊದಲೇ ಹಾಕುತ್ತಿದ್ದೇನೆ. ಯಾರೂ ಬಟ್ಟಲು ವಾಪಸ್ ಕೊಟ್ಟಿಲ್ಲ.

ಮಾಣಿ ಶಿರಸಿ

ಮದುವೆ ಮನೆಯಲ್ಲಿ ಯಾರು ವಾಪಸ್ ಕೊಡುತ್ತಾರೆ ಹೇಳಿ.

ಕೋಡಿಬಾಗದ ಕಿಟ್ಟ

ಜಗಳ ಆಮೇಲೆ ಆಡಿ. ನನಗೆ ಮುಖ್ಯವಾದ ಅನುಮಾನ: ಒಲೆ ಯಾವಾಗ ಆರಿಸಬೇಕು? ಗಟ್ಟಿಯಾದ ಮೇಲೆ ತಾನೆ?

ಭಟ್ಕಳದ ಮನೆಯೂಟ

ಇಲ್ಲೇ ಹೆಚ್ಚಿನವರು ಎಡವುವುದು. ತರಿ ಹಾಕಿ ನಾಲ್ಕೈದು ನಿಮಿಷಕ್ಕೆ ಹಾಲು ದಪ್ಪಗಾಗುತ್ತದೆ. ಆಯಿತು ಅಂತ ಆರಿಸಿದರೆ ಕಾಳಿನ ನಡುವೆ ಹಸಿ ಉಳಿಯುತ್ತದೆ, ತಿಂದ ಮೇಲೆ ಗಂಟಲಲ್ಲಿ ಹಸಿ ಹಿಟ್ಟಿನ ವಾಸನೆ. ಸಣ್ಣ ಉರಿಯಲ್ಲಿ ಇನ್ನೂ 15ರಿಂದ 20 ನಿಮಿಷ ಬೇಕು. ಕಾಳೊಂದನ್ನು ಮುಂಹಲ್ಲಿನಲ್ಲಿ ಕಚ್ಚಿ ನೋಡಿ, ಕಟಕ್ ಅನ್ನಬಾರದು.

ಹಾಗಂತ ಬಟ್ಟಲಲ್ಲಿ ಬೇಕಾದಷ್ಟು ಗಟ್ಟಿ ಒಲೆಯ ಮೇಲೇ ಬರಲಿ ಅಂತ ಕಾಯಲೂಬಾರದು. ತಣ್ಣಗಾಗುತ್ತಾ ಅದು ತಾನೇ ಗಟ್ಟಿಯಾಗುತ್ತದೆ. ಒಲೆ ಆರಿಸುವಾಗ ನೀರ್ದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರಬೇಕು. ನನ್ನ ಅತ್ತೆ ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿಟ್ಟಿರುತ್ತಿದ್ದರು. ಅದರ ಮೇಲೆ ಅರ್ಧ ಚಮಚ ಬಿಟ್ಟು, ಒಂದು ನಿಮಿಷ ಕಾದು, ಬೆರಳಲ್ಲಿ ಗೆರೆ ಎಳೆಯುವುದು. ಗೆರೆ ನಿಧಾನಕ್ಕೆ ಮುಚ್ಚಿಕೊಂಡರೆ ಆರಿಸು. ತಕ್ಷಣ ಮುಚ್ಚಿದರೆ ಇನ್ನೂ ಬೇಯಿಸು. ಮುಚ್ಚದೆ ಹಾಗೇ ನಿಂತರೆ ಜಾಸ್ತಿ ಆಯಿತು, ಅರ್ಧ ಕಪ್ ಬಿಸಿ ಹಾಲು ಸೇರಿಸು.

ಸಕ್ಕರೆ 80 ಗ್ರಾಂನಷ್ಟು, ಕಾಳು ಮೆತ್ತಗಾದ ಮೇಲೆ. ಹಾಕಿದ ಕೂಡಲೇ ಫಿರ್ನಿ ನೀರಾದ ಹಾಗೆ ಕಾಣುತ್ತದೆ. ಹೆದರಿ ಇನ್ನೊಂದು ಚಮಚ ಹಿಟ್ಟು ಕದಡಿ ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೇನೆ. ಎರಡು ಮೂರು ನಿಮಿಷದಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ.

ಅಂಕೋಲಾ ಇಶಾಡು

ಇದಕ್ಕೆ ಮಾವಿನ ಹಣ್ಣು ಹಾಕಬಹುದಾ? ನಮ್ಮ ಕರಿ ಇಶಾಡು ಹಾಕಿದರೆ ಸಕ್ಕರೆಯೇ ಬೇಡ. 2023ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಸುಮ್ನೆ ಹೇಳಿದೆ.

ಭಟ್ಕಳದ ಮನೆಯೂಟ

ಹಾಕಬಹುದು, ಆದರೆ ಒಲೆಯ ಮೇಲೆ ಬೇಡ. ಬಿಸಿ ಹಾಲಿಗೆ ಹಣ್ಣಿನ ಹುಳಿ ಬಿದ್ದರೆ ಒಡೆಯುತ್ತದೆ. ಫಿರ್ನಿ ಪೂರ್ತಿ ತಣ್ಣಗಾದ ಮೇಲೆ ರಸ ಬೆರೆಸಿ ಬಟ್ಟಲಿಗೆ ಹಾಕಿ. ರಸ ತೆಳುವಿದ್ದರೆ ಫಿರ್ನಿಯನ್ನು ಮೊದಲೇ ಒಂದು ಹದ ದಪ್ಪ ಮಾಡಿಕೊಳ್ಳಿ.

ಮಾಣಿ ಶಿರಸಿ

ಬೆಲ್ಲ ಹಾಕಿದರೆ?

ಹೊನ್ನಾವರದವಳು (ಈಗ ಬೆಂಗಳೂರು)

ಅದೂ ಹಾಗೇ, ಬಿಸಿ ಇರುವಾಗ ಹಾಕಿದರೆ ಹಾಲು ಒಡೆಯುವ ಭಯ. ನೀವು ಬೆಲ್ಲ ಬಿಡುವುದಿಲ್ಲ ಅಂತ ಗೊತ್ತಿತ್ತು.

ಅಂಕೋಲಾ ಇಶಾಡು

ಮೇ ತಿಂಗಳಲ್ಲಿ ಎಲ್ಲರೂ ಬನ್ನಿ. ಹಣ್ಣು ನಮ್ಮದು, ತಿರುವುವ ಕೆಲಸ ಕಿಟ್ಟನದು.

ಸದಾಶಿವಗಡ

ಬಟ್ಟಲು ಯಾವುದು ಅಂತ ಯಾರೂ ಹೇಳಲೇ ಇಲ್ಲ. ಫಿರ್ನಿ ಅಂದರೆ ಮಣ್ಣಿನ ಬಟ್ಟಲೇ. ನಾನು ಸಂತೆಯಿಂದ ಆರು ತಂದು ಒರೆಸಿ ಹಾಕಿದೆ. ಅಂಚಿನಲ್ಲಿ ಒಂದು ಬೆರಳು ಅಗಲ ಒಣಗಿ ಬಿರುಕು ಬಿಟ್ಟಿತು, ನಡುವೆ ಚೆನ್ನಾಗಿತ್ತು. ಇದು ಯಾಕೆ?

ಭಟ್ಕಳದ ಮನೆಯೂಟ

ಒಣ ಮಣ್ಣು ನೀರು ಎಳೆದುಕೊಂಡಿದೆ. ಒಂದೆರಡು ಗಂಟೆ ನೀರಲ್ಲಿ ಮುಳುಗಿಸಿಡಿ. ಹಾಕಿದ ಕೂಡಲೇ ಗುಳ್ಳೆ ಬರುತ್ತದೆ, ಗುಳ್ಳೆ ನಿಂತ ಮೇಲೆ ಬಟ್ಟಲಿನ ಹೊಟ್ಟೆ ತುಂಬಿದೆ ಅಂತ. ನೀರು ಬಸಿದು, ಒರೆಸಿ, ಫಿರ್ನಿ ಹಾಕಿ.

ಕುಮಟಾ ಕೇಟರಿಂಗ್

ಇದು ಒಪ್ಪಲ್ಲ. ಮಣ್ಣಿನ ಬಟ್ಟಲಿನ ಲಾಭವೇ ನೀರು ಎಳೆಯುವುದು. ನೆನೆಸಿಬಿಟ್ಟರೆ ಸ್ಟೀಲ್ ಬಟ್ಟಲಿಗೂ ಅದಕ್ಕೂ ಏನು ವ್ಯತ್ಯಾಸ? ಫಿರ್ನಿಯನ್ನು ಸ್ವಲ್ಪ ತೆಳು ಮಾಡಿ ಒಣ ಬಟ್ಟಲಿಗೇ ಹಾಕಿ, ಅದೇ ಹದ ಮಾಡಿಕೊಳ್ಳುತ್ತದೆ.

ಭಟ್ಕಳದ ಮನೆಯೂಟ

ನೆನೆಸಿದ್ದೂ ಹೊರಗಡೆಯಿಂದ ಆರುತ್ತಾ ಫಿರ್ನಿಯನ್ನು ತಂಪಾಗಿಡುತ್ತದೆ ಸರ್. ನಮ್ಮಲ್ಲಿ ನೆನೆಸದೆ ಹಾಕುವವರೇ ಇಲ್ಲ.

ಕುಮಟಾ ಕೇಟರಿಂಗ್

ನಮ್ಮಲ್ಲಿ ನೆನೆಸುವವರೇ ಇಲ್ಲ.

ಹೊನ್ನಾವರದವಳು (ಈಗ ಬೆಂಗಳೂರು)

ಬಟ್ಟಲು ಯಾವುದೇ ಇರಲಿ, ಫ್ರಿಜ್‌ನಲ್ಲಿ ಮುಚ್ಚಿಡಿ. ಬಿಸಿ ಇರುವಾಗ ಮುಚ್ಚಬೇಡಿ, ಮುಚ್ಚಳದ ಹನಿ ಬಿದ್ದು ಮೇಲೆಲ್ಲ ಗುಳಿ. ಆವಿ ಹೋದ ಮೇಲೆ ಮುಚ್ಚಿ. ನಮ್ಮ ಕರಾವಳಿ ಫ್ರಿಜ್‌ಗಳ ವಿಷಯ ಬಿಡಿಸಿ ಹೇಳಬೇಕಾ? ಒಂದು ಸಲ ನನ್ನ ಏಲಕ್ಕಿ ಫಿರ್ನಿಗೆ ಒಣ ಮೀನಿನ ಪರಿಮಳ ಬಂದಿತ್ತು.

ಕೋಡಿಬಾಗದ ಕಿಟ್ಟ (ಮುಂದಿನ ಭಾನುವಾರ, ರಾತ್ರಿ 10.15)

ವರದಿ ಒಪ್ಪಿಸುತ್ತಿದ್ದೇನೆ.

ಜೀರಿಗೆ ಸಣ್ಣ ಸಿಗಲಿಲ್ಲ, ಸಾದಾ ಬೆಳ್ತಿಗೆ ಅಕ್ಕಿ, 50 ಗ್ರಾಂ ತೂಗಿಯೇ ತಂದೆ. ನೆನೆಸಿ ಹರಡಿದೆ. ಇಲ್ಲಿಯ ಹವೆಗೆ ಅರ್ಧ ಗಂಟೆ ಸಾಲಲಿಲ್ಲ, ಫ್ಯಾನ್ ಕೆಳಗೆ ಒಂದು ಗಂಟೆ ಬೇಕಾಯಿತು. ಮಿಕ್ಸಿಯಲ್ಲಿ ಆರು ಸಲ ಬಿಟ್ಟು ಬಿಟ್ಟು. ಆದರೂ ಒಂದಿಷ್ಟು ಹಿಟ್ಟು ಬಂತು, ಟೀ ಸೋಸುವ ಜರಡಿಯಲ್ಲಿ ಆ ಹಿಟ್ಟನ್ನು ಬೇರೆ ಮಾಡಿದೆ.

ಪಾತ್ರೆಯನ್ನು ಮೊದಲು ನೀರಲ್ಲಿ ಅಲ್ಲಾಡಿಸಿ, ಒರೆಸದೆ ಹಾಲು ಹಾಕಿದೆ (ಇದು ನನ್ನ ಅಮ್ಮ ಹೇಳಿಕೊಟ್ಟಿದ್ದು, ಹಾಲು ತಳ ಹಿಡಿಯುವುದು ಕಡಿಮೆ). ಧಾರೆ ಹೊಯ್ಯುವಾಗ ಕೈ ನಡುಗುತ್ತಿತ್ತು. ಒಂದೂ ಗಂಟಿಲ್ಲ! ಐದನೇ ನಿಮಿಷಕ್ಕೆ ದಪ್ಪಗಾಯಿತು, ಕಚ್ಚಿ ನೋಡಿದರೆ ಕಟಕ್. ಹದಿನೆಂಟನೇ ನಿಮಿಷಕ್ಕೆ ಕಟಕ್ ಹೋಯಿತು. ಸಕ್ಕರೆ ಹಾಕಿದೆ, ನೀರಾಯಿತು. ಹಿಟ್ಟಿನ ಡಬ್ಬದ ಕಡೆ ಕೈ ಹೋಗಿತ್ತು, ಅಕ್ಕನ ಮಾತು ನೆನಪಾಗಿ ಹಿಂದೆ ತೆಗೆದೆ. ಎರಡು ನಿಮಿಷ ಬಿಟ್ಟು ತಟ್ಟೆಯ ಮೇಲೆ ಗೆರೆ ಎಳೆದೆ, ನಿಧಾನಕ್ಕೆ ಮುಚ್ಚಿತು.

ಎಂಟು ಬಟ್ಟಲು ಆಯಿತು. ಭಾವ ಎರಡು ಬಟ್ಟಲು ತಿಂದು, "ಇದರಲ್ಲಿ ಕ್ಯಾಲೆಂಡರ್ ಅಂಟುವುದಿಲ್ಲ" ಅಂತ ಕೊರಗಿದರು.

ಒಂದೇ ಪ್ರಶ್ನೆ ಉಳಿದಿದೆ. ಮಧ್ಯಾಹ್ನ ಅರ್ಧ ತಿಂದು ಫ್ರಿಜ್‌ಗೆ ವಾಪಸ್ ಇಟ್ಟ ಒಂದು ಬಟ್ಟಲು ರಾತ್ರಿಗೆ ನೀರು ನೀರಾಗಿದೆ. ಪಕ್ಕದಲ್ಲಿದ್ದ ಮುಟ್ಟದ ಬಟ್ಟಲು ಗಟ್ಟಿಯಾಗೇ ಇದೆ. ಒಂದೇ ಪಾತ್ರೆಯದು, ಒಂದೇ ಹೊತ್ತಿನದು.

ಹೊನ್ನಾವರದವಳು (ಈಗ ಬೆಂಗಳೂರು)

ಎಂಜಲು ಚಮಚ! ನಮ್ಮ ಜೊಲ್ಲಿನಲ್ಲೇ ಬೆಂದ ಗಂಜಿಯನ್ನು ಕರಗಿಸುವ ಗುಣ ಇದೆ. ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ ಬಂದರೆ ಅದು ಅಲ್ಲೂ ಕೆಲಸ ಮಾಡುತ್ತದೆ. ಒಲೆಯ ಮುಂದೆ ರುಚಿ ನೋಡುವಾಗಲೂ ಬೇರೆ ಚಮಚ ಇಟ್ಟುಕೊಳ್ಳಿ.

ದಾಂಡೇಲಿ ದಾರಿಹೋಕ

ಸುಮ್ನೆ ಇರಿ, ಮೊಸರನ್ನ ಅರ್ಧ ತಿಂದಿಟ್ಟರೂ ನೀರು ಬಿಡುತ್ತದೆ. ಕೆದಕಿದ್ದಕ್ಕೆ ಬಿಟ್ಟಿದೆ, ಅಷ್ಟೇ.

ಹೊನ್ನಾವರದವಳು (ಈಗ ಬೆಂಗಳೂರು)

ಕೆದಕಿದರೆ ಗುಳಿಯಲ್ಲಿ ಸ್ವಲ್ಪ ನೀರು ನಿಲ್ಲುತ್ತದೆ, ಸುತ್ತಲಿನದು ಗಟ್ಟಿಯಾಗೇ ಇರುತ್ತದೆ. ಇಡೀ ಬಟ್ಟಲು ಹಾಲಿನ ಹಾಗಾದರೆ ಅದು ಚಮಚದ ಕೆಲಸ. ಕಿಟ್ಟಣ್ಣ, ಯಾವುದು ಆಗಿದೆ?

ಕೋಡಿಬಾಗದ ಕಿಟ್ಟ

ಇಡೀ ಬಟ್ಟಲು. ಭಾವನ ಮೂರನೇ ಬಟ್ಟಲು ಅದು. ಎರಡೇ ತಿಂದೆ ಅಂತ ಎಲ್ಲರ ಮುಂದೆ ಹೇಳಿದ್ದರು.